ನಾಯಿ ಉಳಿಯಿತು, ಅದರ ಕೇಸು ಹೋಯಿತು

ಸಂಪಾದಕರೇ, ವಿಕ್ರಮ್ ಚಂದ್ರ ಅವರ ‘ಸೇಕ್ರೆಡ್ ಗೇಮ್ಸ್’ ಓದಿ ಮುಗಿಸಿ, ಆಮೇಲೆ ನೆಟ್‌ಫ್ಲಿಕ್ಸ್ ಸರಣಿ ನೋಡಿದೆ. ಪುಸ್ತಕದ ಎಷ್ಟೋ ಭಾಗ ಅದರಲ್ಲಿ ಇಲ್ಲವೇ ಇಲ್ಲ. ಪುಸ್ತಕದಲ್ಲಿ ಇಲ್ಲದ ನರ್ತಕಿ ಕುಕ್ಕೂ ಮಾತ್ರ ದೊಡ್ಡ ಪಾತ್ರವಾಗಿ ಬಂದಿದ್ದಾಳೆ. ಇಪ್ಪತ್ತೈದು ದಿನದ ಗಡುವು ಎಲ್ಲಿಂದ ಬಂತು? ಇಷ್ಟೆಲ್ಲ ಬದಲಾಯಿಸಲು ಇವರಿಗೆ ಏನು ಹಕ್ಕು?
— ಓದುಗರೊಬ್ಬರು, ಧಾರವಾಡ

ಗಡುವಿನಿಂದಲೇ ಶುರು ಮಾಡೋಣ. ಉಳಿದ ಬದಲಾವಣೆಗಳಲ್ಲಿ ಹೆಚ್ಚಿನವು ಅದರ ಬೆನ್ನಿಗೇ ಬಂದಿವೆ.

2006ರ ಈ ಕಾದಂಬರಿ ಸುಮಾರು ಒಂಬೈನೂರು ಪುಟದ್ದು. ಭೂಗತ ದೊರೆ ಗಾಯ್ತೊಂಡೆ ಆರಂಭದಲ್ಲೇ ಸಾಯುತ್ತಾನೆ. ಸತ್ತ ಮೇಲೂ ಪೊಲೀಸ್ ಇನ್‌ಸ್ಪೆಕ್ಟರ್ ಸರ್ತಾಜ್‌ಗೆ ತನ್ನ ಕಥೆ ಹೇಳುತ್ತಲೇ ಇರುತ್ತಾನೆ. ಅಣುಬಾಂಬಿನ ಸುಳಿವು ಸಿಗುವುದು ಎಷ್ಟೋ ಪುಟಗಳಾದ ಮೇಲೆ. ಅಲ್ಲಿಯವರೆಗೆ ನಮ್ಮನ್ನು ಓದಿಸುವುದು ಆ ದನಿ ಮತ್ತು ಮುಂಬೈಯ ಬದುಕು. ಪುಸ್ತಕವನ್ನು ಮಡಚಿಟ್ಟು ವಾರ ಬಿಟ್ಟು ತೆಗೆದರೂ ನಡೆಯುತ್ತದೆ. ಸರಣಿಗೆ ಆ ಪುರುಸೊತ್ತು ಇಲ್ಲ. ಒಂದು ಕಂತು ಮುಗಿದ ಕೂಡಲೇ ಮುಂದಿನದು ಬೇಕು ಅನ್ನಿಸಬೇಕು. ಅದಕ್ಕೇ ಬರಹಗಾರರು ಅಪಾಯವನ್ನು ಮೊದಲ ಕಂತಿಗೇ ತಂದು, ಅದಕ್ಕೊಂದು ಗಡುವು ಕಟ್ಟಿದರು: ಇಪ್ಪತ್ತೈದು ದಿನ. ಈಗ ಸರ್ತಾಜ್ ಏನೇ ಮಾಡಿದರೂ ಹಿಂದೆ ಗಡಿಯಾರ ಓಡುತ್ತಿರುತ್ತದೆ.

ಗಡುವು ಬಂದ ಮೇಲೆ ಅದರ ಜೊತೆ ಓಡಲಾರದ್ದೆಲ್ಲ ಬಿದ್ದುಹೋಗುತ್ತದೆ. ಪುಸ್ತಕ ಶುರುವಾಗುವುದೇ ಐದನೇ ಮಹಡಿಯ ಕಿಟಕಿಯಿಂದ ಹಾರಿಬೀಳುವ ಪೊಮೆರೇನಿಯನ್ ನಾಯಿಯಿಂದ, ನೆನಪಿದೆ ಅಲ್ವಾ? ಅದನ್ನು ಎಸೆದವನು ಪಾಂಡೆ. ಅವನ ಹೆಂಡತಿ ಕಮಲಾಳನ್ನು ಯಾರೋ ಬ್ಲ್ಯಾಕ್‌ಮೇಲ್ ಮಾಡುತ್ತಾರೆ, ಅವಳು ಸರ್ತಾಜ್‌ನ ಹತ್ತಿರ ಬರುತ್ತಾಳೆ, ಆ ಕೇಸು ಪುಸ್ತಕದಲ್ಲಿ ಬಹಳ ದೂರ ನಡೆಯುತ್ತದೆ. ಸರಣಿಯೂ ಬೀಳುವ ನಾಯಿಯಿಂದಲೇ ಶುರುವಾಗುತ್ತದೆ. ಆದರೆ ಕೇಸು ಇಲ್ಲ. ಇಪ್ಪತ್ತೈದು ದಿನದಲ್ಲಿ ಊರೇ ಸುಟ್ಟುಹೋಗಬಹುದು ಎಂದು ಗೊತ್ತಿರುವ ಪೊಲೀಸ್ ಒಂದು ಸಂಸಾರದ ಗುಟ್ಟಿನ ಹಿಂದೆ ಅಲೆದರೆ ನೋಡುವವರು ಒಪ್ಪುವುದಿಲ್ಲ.

ನನಗೆ ಬೇಜಾರಾಗುವುದು ಕೇಸು ಹೋದದ್ದಕ್ಕಲ್ಲ, ಅದು ಮಾಡುತ್ತಿದ್ದ ಕೆಲಸ ಹೋದದ್ದಕ್ಕೆ. ಪುಸ್ತಕದ ಸರ್ತಾಜ್ ಸಣ್ಣಪುಟ್ಟ ದುಡ್ಡು ಮುಟ್ಟುವವನು. ಮೇಲಧಿಕಾರಿ ಪಾರುಲ್ಕರ್ ಅವನಿಗೆ ಬಹುಕಾಲ ಆಸರೆ. ಇಂಥ ದಿನನಿತ್ಯದ ಕೇಸುಗಳಲ್ಲಿ ಅವನ ಒಳ್ಳೆಯತನ, ರಾಜಿ ಎರಡೂ ಕಾಣುತ್ತಿದ್ದವು. ಸರಣಿಯಲ್ಲಿ ಮೊದಲ ಕಂತಿನಿಂದಲೇ ಪಾರುಲ್ಕರ್ ಅವನ ಎದುರಾಳಿ. ನಕಲಿ ಎನ್‌ಕೌಂಟರ್ ಒಂದರ ಬಗ್ಗೆ ಸುಳ್ಳು ಸಾಕ್ಷಿ ಹೇಳು ಎಂದು ಒತ್ತಡ ಹಾಕುತ್ತಾನೆ. ಕಥೆ ಬಿಗಿಯಾಯಿತು. ಸರ್ತಾಜ್ ಮಾತ್ರ ಜಾಸ್ತಿ ಶುದ್ಧವಾಗಿಬಿಟ್ಟ.

ಕತ್ತರಿಸಿದ್ದು ಸರಿಯೇ ಎಂದು ನೋಡಲು ನಾನು ಇದನ್ನೇ ಕೇಳಿಕೊಳ್ಳುತ್ತೇನೆ: ಆ ಭಾಗ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ? ಯಾರೂ ಮಾಡದಿದ್ದರೆ ಅದು ನಷ್ಟ. ಮುಖ್ಯ ಕಥೆಯಿಂದ ಪಕ್ಕಕ್ಕೆ ಸರಿದು ನಿಲ್ಲುವ ಅಧ್ಯಾಯಗಳಿವೆಯಲ್ಲ, ಅವುಗಳಲ್ಲಿ ಸರ್ತಾಜ್‌ನ ತಾಯಿ ಪ್ರಭಜೋತ್ ಕೌರ್ ಅವರ ದೇಶವಿಭಜನೆಯ ಬಾಲ್ಯದ್ದು ನನಗೆ ಇಡೀ ಪುಸ್ತಕದಲ್ಲೇ ತುಂಬ ಇಷ್ಟ. ಸರಣಿಯಲ್ಲಿ ಆ ನೋವಿಗೆ ಸಿಕ್ಕ ಜಾಗ ಬಹಳ ಕಡಿಮೆ. ಗಾಯ್ತೊಂಡೆಯ ದ್ವೇಷಕ್ಕೂ ಹಳೆಯ ಆ ಗಾಯಕ್ಕೂ ಇರುವ ನಂಟು ಇದರಿಂದ ತೆಳುವಾಗಿದೆ.

ಕುಕ್ಕೂ ವಿಷಯದಲ್ಲಿ ನಾನು ನಿಮ್ಮ ಜೊತೆ ಇಲ್ಲ. ಪುಸ್ತಕದಲ್ಲಿ ಅದು ಹಾಗೇ ಹಾದುಹೋಗುವ ಹೆಸರು. ಗಾಯ್ತೊಂಡೆಗೂ ಅವಳಿಗೂ ಸಂಬಂಧವೇ ಇಲ್ಲ. ಪುಸ್ತಕದಲ್ಲಿ ಅವನ ಆಸೆ, ಅಳುಕು, ಒಂಟಿತನವನ್ನು ಅವನೇ ಪುಟಗಟ್ಟಲೆ ಹೇಳಿಕೊಳ್ಳುತ್ತಾನೆ. ತೆರೆಯ ಮೇಲೆ ಬರೀ ಹಿನ್ನೆಲೆ ದನಿಯಿಂದ ಅಷ್ಟೂ ಆಗುವುದಿಲ್ಲ. ಎದುರಿಗೆ ಒಬ್ಬರು ಬೇಕು. ಅವನು ಯಾರ ಮುಂದೆ ಸೋಲುತ್ತಾನೆ ಎಂಬುದು ಕಣ್ಣಿಗೆ ಕಾಣಬೇಕು. ಆ ಕೆಲಸಕ್ಕೆ ಕುಕ್ಕೂ ಬಂದಳು. ಬೆಂಗಳೂರಿನ ಕುಬ್ರಾ ಸೇಟ್ ಅದನ್ನು ಎಷ್ಟು ಚೆನ್ನಾಗಿ ಮಾಡಿದರು! ಗುಪ್ತಚರ ಅಧಿಕಾರಿ ಅಂಜಲಿ ಮಾಥುರ್ ಪುಸ್ತಕದಲ್ಲಿ ಬದುಕುತ್ತಾಳೆ, ಸರಣಿಯ ಮೊದಲ ಸೀಸನ್‌ನಲ್ಲೇ ಸಾಯುತ್ತಾಳೆ. ಯಾರೂ ಸುರಕ್ಷಿತರಲ್ಲ ಎಂದು ತೋರಿಸಲು ಮಾಡಿದ ಆ ಬದಲಾವಣೆ ನನಗೆ ಅಷ್ಟು ಹಿಡಿಸಲಿಲ್ಲ.

ಎರಡು ದನಿಗಳ ಸಮತೋಲ ಮಾತ್ರ ಅವರು ಬಿಟ್ಟುಕೊಡಲಿಲ್ಲ. ಪುಸ್ತಕದಲ್ಲಿ ಸರ್ತಾಜ್ ಮತ್ತು ಗಾಯ್ತೊಂಡೆಯ ಕಥೆ ಒಂದಾದ ಮೇಲೊಂದು ಬರುತ್ತದೆ. 2018ರ ಮೊದಲ ಸೀಸನ್‌ನಲ್ಲಿ ಸರ್ತಾಜ್‌ನ ಭಾಗವನ್ನು ವಿಕ್ರಮಾದಿತ್ಯ ಮೋಟ್ವಾನೆ, ಗಾಯ್ತೊಂಡೆಯದನ್ನು ಅನುರಾಗ್ ಕಶ್ಯಪ್ ನಿರ್ದೇಶಿಸಿದರು. ಹೀಗಾಗಿ ಎರಡು ಬದುಕುಗಳ ಹದವೇ ಬೇರೆ ಬೇರೆ.

ಹಕ್ಕಿನ ಮಾತು ಕೇಳಿದ್ದೀರಿ. ಹಕ್ಕು ಪಡೆದು ಮಾಡಿದವರು ಕಥೆ ಬದಲಾಯಿಸಬಹುದು. ಆದರೆ ತಾವೇ ಕಟ್ಟಿದ ಗಡುವಿಗೆ ಲೆಕ್ಕ ಕೊಡಬೇಕು. ಪುಸ್ತಕದಲ್ಲಿ ಬಾಂಬು ಸಿಗುತ್ತದೆ, ಊರು ಉಳಿಯುತ್ತದೆ, ಸರ್ತಾಜ್ ಮತ್ತೆ ಡ್ಯೂಟಿಗೆ ಹೋಗುತ್ತಾನೆ. 2019ರ ಎರಡನೇ ಸೀಸನ್ ಬಾಂಬಿನ ಮುಂದೆ ಅವನನ್ನು ಕೂರಿಸಿ, ಏನಾಯಿತೆಂದು ಹೇಳದೆ ಮುಗಿಯುತ್ತದೆ. ಹದಿನಾರು ಕಂತು ದಿನ ಎಣಿಸಿದ ನಮಗೆ ಆ ಉತ್ತರ ಸಿಗಬೇಕಿತ್ತು. ಈ ಒಂದು ವಿಷಯದಲ್ಲಿ ನಿಮ್ಮ ಸಿಟ್ಟು ನನ್ನದೂ ಹೌದು.