ಕರೆಯ ನಡುವೆ ಕಳುಹಿಸಲು ಮಲಯಾಳಂ ಸಾಲು

“ಡಬ್ಲಿನ್‌ನಲ್ಲಿರುವ ನನ್ನ ಮಲಯಾಳಿ ಗೆಳತಿಗೆ ವಿಡಿಯೊ ಕರೆಯ ನಡುವೆ ‘ಞಾನ್ ನಿನ್ನೆ ಸ್ನೇಹಿಕ್ಕುನ್ನು’ ಎಂದು ಸಂದೇಶ ಕಳುಹಿಸಿದರೆ ನಗುತ್ತಾಳೆ. ಏನು ಬರೆಯಲಿ?”

‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎನ್ನುವ ಆ ವಾಕ್ಯದಲ್ಲಿ ತಪ್ಪಿಲ್ಲ, ಆದರೆ ಅದು ಪುಸ್ತಕದ ಮಾತು. ಬಹುಶಃ ನಗು ಅದಕ್ಕೇ. ಮಾತಿನಲ್ಲಿ ‘ಎನಿಕ್ಕ್ ನಿನ್ನೆ ಇಷ್ಟಮಾಣ್’ ಸಹಜ. (ಇಲ್ಲಿ ‘ನಿನ್ನೆ’ ಎಂದರೆ ‘ನಿನ್ನನ್ನು’.)

ಕರೆಯಲ್ಲಿರುವಾಗ ಮೊದಲು ‘ನೀ ಅಡುತ್ತುಂಡಾಯಿರುನ್ನೆಂಗಿಲ್...’ ಎಂದಷ್ಟೇ ಕಳುಹಿಸಿ. ‘ನೀನು ಹತ್ತಿರವಿದ್ದಿದ್ದರೆ’ ಎಂದು ಅರ್ಥ. ವಾಕ್ಯವನ್ನು ಮುಗಿಸಬೇಡಿ, ಹಂಬಲವಿರುವುದು ಆ ಅರ್ಧದಲ್ಲೇ. ಕಳುಹಿಸಿದ ಮೇಲೆ ಅವಳು ಓದುವವರೆಗೆ ಮಾತು ನಿಲ್ಲಿಸಿ.

‘ನಿನ್ನೆ ಕಾಣಾನ್ ಕೊತಿಯಾವುನ್ನು’, ಅಂದರೆ ನೋಡುವ ಆಸೆಯಾಗುತ್ತಿದೆ, ಎಂಬುದನ್ನು ಕರೆ ಮುಗಿದ ಮೇಲೆ ಕಳುಹಿಸಿ. ಮುಖ ಎದುರಿಗಿರುವಾಗ ಅದು ಹೊಂದುವುದಿಲ್ಲ. ಚಳಿಗಾಲದಲ್ಲಿ ನಿಮಗೆ ರಾತ್ರಿ 11.30 ಆದಾಗ ಅವಳಿಗೆ ಸಂಜೆ 6. ಹಾಗಾಗಿ ಶುಭರಾತ್ರಿ ಬೇಡ, ಈ ಸಾಲೇ ಇರಲಿ.