ಮೂತ್ರದಲ್ಲಿ ಉಪ್ಪು ಹೋಗುತ್ತಿದ್ದರೂ ಬಿಪಿ ಏಕೆ?

ಪ್ರಶ್ನೆ: ಪುಣೆಯಲ್ಲಿರುವ ನಮ್ಮ ತಂದೆಗೆ ಬಿಪಿ 160. ಅವರ 24 ಗಂಟೆಯ ಮೂತ್ರದಲ್ಲಿ 170 ಮಿಲಿಮೋಲ್ ಸೋಡಿಯಂ ಇದೆ. ಇಷ್ಟು ಉಪ್ಪು ಹೊರಹೋಗುತ್ತಿದ್ದರೆ ಮೂತ್ರಪಿಂಡ ಸರಿಯಿದೆ ಎಂದಲ್ಲವೇ?

ಹಾಗೆನ್ನಲಾಗದು. 170 ಮಿಲಿಮೋಲ್ ಎಂದರೆ ಸುಮಾರು 10 ಗ್ರಾಂ ಉಪ್ಪು. ಅದು ಅವರು ದಿನಕ್ಕೆ ತಿನ್ನುವ ಉಪ್ಪಿನ ಲೆಕ್ಕ, ಮೂತ್ರಪಿಂಡದ ಸಾಮರ್ಥ್ಯದ ಅಳತೆಯಲ್ಲ. (ಮಿಸಳ್, ಹಪ್ಪಳ, ಉಪ್ಪಿನಕಾಯಿ ಇದ್ದ ಮನೆಯಲ್ಲಿ 10 ಗ್ರಾಂ ದೊಡ್ಡ ಮಾತಲ್ಲ.) ತಿಂದಷ್ಟು ಉಪ್ಪು ಹೊರಹೋಗಲೇಬೇಕು, ಇಲ್ಲದಿದ್ದರೆ ಮೈ ಊದುತ್ತಾ ಹೋಗುತ್ತದೆ. ಯಾವ ಒತ್ತಡದಲ್ಲಿ ಹೋಗುತ್ತಿದೆ ಎಂಬುದೇ ಮುಖ್ಯ.

ರಕ್ತದೊತ್ತಡ ಏರಿದಾಗ ಮೂತ್ರಪಿಂಡದ ನಳಿಕೆಗಳು ಸೋಡಿಯಂ ಅನ್ನು ಮರಳಿ ಹೀರುವುದನ್ನು ತಗ್ಗಿಸುತ್ತವೆ. ಆರೋಗ್ಯವಂತರಲ್ಲಿ ಇದಕ್ಕೆ ಒತ್ತಡ ಹೆಚ್ಚು ಏರಬೇಕಾಗಿಲ್ಲ: ಉಪ್ಪು ಹೆಚ್ಚಾದೊಡನೆ ಮೂತ್ರಪಿಂಡ ಸ್ರವಿಸುವ ರೆನಿನ್ ಇಳಿಯುತ್ತದೆ, ಅದರ ಹಿಂದೆ ಉಪ್ಪನ್ನು ಹಿಡಿದಿಡುವ ಹಾರ್ಮೋನುಗಳಾದ ಆಂಜಿಯೊಟೆನ್ಸಿನ್ ಮತ್ತು ಆಲ್ಡೊಸ್ಟೆರಾನ್ ಕೂಡ. ಹಿಡಿದಿಟ್ಟುಕೊಳ್ಳುವ ಆಜ್ಞೆ ಸಡಿಲವಾಗಿ ಉಪ್ಪು ಸಲೀಸಾಗಿ ಹೋಗುತ್ತದೆ. ಈ ಸಡಿಲಿಕೆ ಸಾಲದಿದ್ದರೆ ಉಪ್ಪು, ಅದರೊಂದಿಗೆ ನೀರು ಉಳಿದು ಒತ್ತಡ ಏರುತ್ತದೆ. ಕೊನೆಗೆ 160ರಲ್ಲಿ ಅದೇ 10 ಗ್ರಾಂ ಹೊರಬಿದ್ದು ಲೆಕ್ಕ ಸರಿಹೋಗುತ್ತದೆ. ರಕ್ತನಾಳ, ನರಗಳ ಪಾಲೂ ಇದೆ, ಆ ವಾದ ಇನ್ನೂ ಮುಗಿದಿಲ್ಲ.

ವೈದ್ಯರು ಕ್ಲೋರ್‌ಥಾಲಿಡೋನ್‌ನಂಥ ಮಾತ್ರೆ ಕೊಟ್ಟರೆ ಮೊದಲ ಕೆಲವು ದಿನ ಮಾತ್ರ ಉಪ್ಪು ಹೆಚ್ಚಾಗಿ ಹೋಗುತ್ತದೆ. ಆಮೇಲೆ ಮೂತ್ರದಲ್ಲಿ ಮತ್ತೆ 170! ಮಾತ್ರೆ ಸೋತಿತೆಂದು ನಿಲ್ಲಿಸಬೇಡಿ, ಅಷ್ಟೇ ಉಪ್ಪು ಈಗ ಕಡಿಮೆ ಒತ್ತಡದಲ್ಲಿ ಹೋಗುತ್ತಿರುತ್ತದೆ. ಊಟದಲ್ಲಿ ಉಪ್ಪನ್ನು ನಿಜವಾಗಿಯೂ ಅರ್ಧಕ್ಕೆ ಇಳಿಸಿದ್ದಾರೆಯೇ ಎಂದು ತಿಳಿಯಲು ಇದೇ ಪರೀಕ್ಷೆ ಒಳ್ಳೆಯದು: ಆಗ ಸುಮಾರು 85 ಬರಬೇಕು.