ರೇಟ್ ಟೇಬಲ್‌ನಲ್ಲಿ ಪ್ರತಿ ಸಾಲಿಗೂ k ಬೇರೆ ಬೇರೆ ಬರ್ತಿದೆ, ಎಲ್ಲಿ ತಪ್ಪಿದೀನಿ?

ಪ್ರಶ್ನೆ: ಸರ್, ಮಂಡ್ಯದಲ್ಲಿ ಬಿಎಸ್ಸಿ ಓದ್ತಿದೀನಿ. ಪರ್ಸಲ್ಫೇಟ್-ಅಯೊಡೈಡ್ ಪ್ರಾಕ್ಟಿಕಲ್ ಮಾಡಿದ್ವಿ, S₂O₈²⁻ + 2I⁻ → 2SO₄²⁻ + I₂. ಥಯೋಸಲ್ಫೇಟ್ ಎಲ್ಲಾ ರನ್‌ಗೂ 0.0010 M, ನೀಲಿ ಬಣ್ಣ ಬರೋ ಟೈಮ್ ನೋಡಿ ರೇಟ್ = 0.0010/t ಅಂತ ಹಾಕಿದೆ. ಸಮೀಕರಣದಲ್ಲಿ 2I⁻ ಇದೆ ಅಂತ ಅಯೊಡೈಡ್ ಆರ್ಡರ್ 2 ತಗೊಂಡೆ. k 0.25, 0.26, 0.12, 0.17 ಬಂತು. ಸರಾಸರಿ 0.20 ಅಂತ ಬರೆದುಬಿಡ್ಲಾ?

```
ರನ್   [S₂O₈²⁻]   [I⁻]     t (s)   ರೇಟ್
1     0.020      0.040    125     8.0×10⁻⁶
2     0.040      0.040     61     1.64×10⁻⁵
3     0.020      0.080     64     1.56×10⁻⁵
4     0.030      0.060     56     1.79×10⁻⁵
```

ಉತ್ತರ:

ಸರಾಸರಿ ಮಾತ್ರ ತೆಗೀಬೇಡಿ, ಆ ನಾಲ್ಕು k ಬೇರೆ ಬೇರೆ ಬಂದಿರೋದ್ರಲ್ಲೇ ನಿಮ್ಮ ತಪ್ಪು ಎಲ್ಲಿದೆ ಅಂತ ಬರ್ಕೊಂಡಿದೆ, ಸರಾಸರಿ ತೆಗೆದ್ರೆ ಅದೂ ಅಳಿಸಿಹೋಗುತ್ತೆ. ನಾನು ಮೈಸೂರಲ್ಲಿ ಬಿಎಸ್ಸಿ ಹುಡುಗರಿಗೆ ಟ್ಯೂಷನ್ ಹೇಳ್ತೀನಿ, ಪ್ರತಿ ವರ್ಷ ಈ ಪ್ರಾಕ್ಟಿಕಲ್ ರೆಕಾರ್ಡ್ ತಂದು ಮುಂದೆ ಇಡೋರಲ್ಲಿ ಅರ್ಧ ಜನ ಇದೇ ಮಾಡಿರ್ತಾರೆ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತಿದೀನಿ ಬೇಜಾರ್ ಮಾಡ್ಕೋಬೇಡಿ.

ನಿಮ್ಮ k ಗಳನ್ನ ಒಂದ್ಸಲ ಸಾಲಾಗಿ ನೋಡಿ. ರನ್ 1ರಲ್ಲೂ 2ರಲ್ಲೂ ಹೆಚ್ಚುಕಮ್ಮಿ ಒಂದೇ, 0.25 ಮತ್ತೆ 0.26. ಅಲ್ಲಿ ಬದಲಾಗಿದ್ದು ಪರ್ಸಲ್ಫೇಟ್ ಒಂದೇ, ಅಂದ್ರೆ ಪರ್ಸಲ್ಫೇಟ್‌ಗೆ ನೀವು ಇಟ್ಟ ಆರ್ಡರ್ 1 ಸರಿಯಾಗೇ ಇದೆ. ರನ್ 3ಕ್ಕೆ ಬಂದ್ರೆ k ಸರಿಯಾಗಿ ಅರ್ಧಕ್ಕೆ ಇಳಿದಿದೆ, 0.12. ಅಲ್ಲಿ ನೀವು ಮಾಡಿದ್ದು ಅಯೊಡೈಡ್ ಡಬಲ್. ಅಯೊಡೈಡ್ ಡಬಲ್ ಮಾಡ್ದಾಗ k ಅರ್ಧ ಆಗುತ್ತೆ ಅಂದ್ರೆ ಏನರ್ಥ, ಕೆಳಗಡೆ ಭಾಗಿಸೋವಾಗ ಒಂದು [I⁻] ಜಾಸ್ತಿ ಹಾಕಿದೀರ ಅಂತ. 2 ಅಲ್ಲ, 1. ರನ್ 4ರಲ್ಲಿ ಅಯೊಡೈಡ್ ಒಂದೂವರೆ ಪಟ್ಟು, k ನೋಡಿ 0.25ನ ಒಂದೂವರೆಯಿಂದ ಭಾಗಿಸಿದಷ್ಟು, 0.17. ಅದೂ ಅದೇ ಕಥೆ ಹೇಳ್ತಿದೆ. ಸರಿಯಾದ ಆರ್ಡರ್ ಹಾಕಿದ್ರೆ k ಯಾವ ಸಾಲಲ್ಲೂ ಅಲ್ಲಾಡಬಾರದು, ಅಲ್ಲಾಡಿದ್ರೆ ಯಾವುದನ್ನ ಬದಲಾಯಿಸಿದಾಗ ಅಲ್ಲಾಡ್ತು ಅಂತ ನೋಡಿ, ಕಳ್ಳ ಅಲ್ಲೇ ಇರ್ತಾನೆ.

ಸಮೀಕರಣದಲ್ಲಿರೋ 2 ಬರೀ ಲೆಕ್ಕಾಚಾರದ್ದು, ಒಟ್ಟು ಎಷ್ಟು ಖರ್ಚಾಗುತ್ತೆ ಅಂತ ಹೇಳುತ್ತೆ ಅಷ್ಟೆ. ಆರ್ಡರ್ ಬರೋದು ನಿಧಾನದ ಹಂತದಿಂದ, ಇಲ್ಲಿ ನಿಧಾನದ ಹಂತದಲ್ಲಿ ಒಂದು ಪರ್ಸಲ್ಫೇಟ್‌ಗೆ ಒಂದೇ ಅಯೊಡೈಡ್ ಸೇರೋದು, ಎರಡನೇ ಅಯೊಡೈಡ್ ಆಮೇಲೆ ಬಂದು ಬೇಗ ಮುಗಿಸಿಹೋಗುತ್ತೆ, ಅದು ಬರೋದಕ್ಕೆ ಯಾರೂ ಕಾಯಲ್ಲ. ಇದನ್ನ ಸಮೀಕರಣ ನೋಡಿ ಹೇಳಕ್ಕಾಗಲ್ಲ, ಟೇಬಲ್ ನೋಡೇ ಹೇಳಬೇಕು.

ಈಗ ಟೇಬಲ್‌ನಿಂದ ನೇರವಾಗಿ ತೆಗೆಯೋಣ. ರೇಟ್ = k [S₂O₈²⁻]^m [I⁻]^n. ರನ್ 2ನ್ನ ರನ್ 1ರಿಂದ ಭಾಗಿಸಿದ್ರೆ k ಹೋಯ್ತು, ಅಯೊಡೈಡ್ ಎರಡ್ರಲ್ಲೂ ಒಂದೇ ಇರೋದ್ರಿಂದ ಅದೂ ಹೋಯ್ತು, ಉಳಿಯೋದು ಇಷ್ಟೇ:

```
125/61 = 2.05 = 2^m    m = log 2.05 / log 2 = 1.04
125/64 = 1.953 = 2^n    n = log 1.953 / log 2 = 0.97
```

ಎರಡನೇ ಸಾಲು ರನ್ 3 ಮತ್ತೆ 1ರದ್ದು. ಥಯೋ ಎಲ್ಲದಕ್ಕೂ ಒಂದೇ ಆದ್ದರಿಂದ ರೇಟ್‌ಗಳ ಅನುಪಾತ ಅಂದ್ರೆ ಟೈಮ್‌ಗಳ ತಲೆಕೆಳಗಾದ ಅನುಪಾತ, ಅದಕ್ಕೆ ಸೀದಾ ಸೆಕೆಂಡ್ ಹಾಕಿದೀನಿ. 1.04, 0.97 ಅಂತ ಬಂದಿದ್ದನ್ನ 1 ಮತ್ತೆ 1 ಅಂತ ತಗೋಬಹುದಾ ಅಂದ್ರೆ ಇಲ್ಲಿ ತಗೋಬಹುದು, ಕಾರಣ ಕೇಳಿ. ರನ್ 2 ಪಕ್ಕಾ ಫಸ್ಟ್ ಆರ್ಡರ್ ಆಗಿದ್ರೆ 62.5 ಸೆಕೆಂಡ್ ಬರಬೇಕಿತ್ತು, ನಿಮಗೆ 61 ಬಂದಿದೆ, ಒಂದೂವರೆ ಸೆಕೆಂಡ್ ವ್ಯತ್ಯಾಸ. ನೀಲಿ ಬಂತಾ ಬಂದಿಲ್ವಾ ಅಂತ ಕಣ್ಣು ಕಿರಿದು ಮಾಡ್ಕೊಂಡು ಸ್ಟಾಪ್‌ವಾಚ್ ಒತ್ತೋವಾಗ ಅಷ್ಟು ಎಲ್ಲರ ಕೈಯಲ್ಲೂ ಹೋಗುತ್ತೆ. ರೆಕಾರ್ಡ್‌ನಲ್ಲಿ ಮೊದಲು 1.04 ಅಂತಲೇ ಬರೀರಿ, ಆಮೇಲೆ 1 ಅಂತ ತಗೊಂಡೆ ಅಂತ ಬರೀರಿ. ಡೈರೆಕ್ಟಾಗಿ 1.00 ಅಂತ ಬರೆದ್ರೆ ನೋಡೋರಿಗೆ ಅನುಮಾನ ಬರುತ್ತೆ.

ಆರ್ಡರ್ ತೆಗೆದ ಈ ಲೆಕ್ಕದಲ್ಲಿ ರನ್ 4ನ್ನ ಮುಟ್ಟಿಲ್ಲ ಗಮನಿಸಿದ್ರಾ. ಬೇಕಂತಲೇ ಬಿಟ್ಟಿದೀನಿ. ಆರ್ಡರ್ ತೆಗೆಯೋಕೆ ಮೂರು ರನ್ ಸಾಕು, ನಾಲ್ಕನೇದು ಪರೀಕ್ಷೆಗೆ. ಎರಡೂ ಒಂದೂವರೆ ಪಟ್ಟು ಆಗಿದೆ, ಹಂಗಾಗಿ ರೇಟ್ 1.5 × 1.5 = 2.25 ಪಟ್ಟು ಆಗಬೇಕು, ಟೈಮ್ 125 / 2.25 = 55.6 ಸೆಕೆಂಡ್ ಬರಬೇಕು, ನಿಮಗೆ 56 ಬಂದಿದೆ. ಅಯೊಡೈಡ್ ಆರ್ಡರ್ 2 ಆಗಿದ್ರೆ 37 ಸೆಕೆಂಡ್‌ಗೇ ನೀಲಿ ಆಗಿಬಿಡ್ತಿತ್ತು. ನಿಮ್ಮ ರೀಡಿಂಗ್ ಚೆನ್ನಾಗಿದೆ ಕಣ್ರಿ, ಲೆಕ್ಕದಲ್ಲಿ ಮಾತ್ರ ಎಡವಿರೋದು.

ಇಲ್ಲೀವರೆಗೂ ಹೇಳಿದ್ದು ತಾನಾಗೇ ಸಿಕ್ಕಿಬೀಳೋ ತಪ್ಪು. ಇನ್ನೊಂದಿದೆ, ಅದು ಬಾಯಿ ಬಿಡಲ್ಲ. ನೀವು ರೇಟ್ = 0.0010/t ಅಂದಿದೀರಲ್ಲ, ಅದು ಥಯೋಸಲ್ಫೇಟ್ ಖರ್ಚಾಗೋ ರೇಟ್, ಪರ್ಸಲ್ಫೇಟ್‌ದಲ್ಲ. ಒಂದು ಪರ್ಸಲ್ಫೇಟ್‌ಗೆ ಒಂದು I₂ ಬರುತ್ತೆ, ಆ ಒಂದು I₂ ಎರಡು ಥಯೋನ ತಿನ್ನುತ್ತೆ, I₂ + 2S₂O₃²⁻ → 2I⁻ + S₄O₆²⁻. ಥಯೋ 0.0010 ಖಾಲಿ ಆಗಿ ನೀಲಿ ಬರೋ ಹೊತ್ತಿಗೆ ಪರ್ಸಲ್ಫೇಟ್ 0.0005 ಅಷ್ಟೇ ಖರ್ಚಾಗಿರೋದು. ಹಂಗಾಗಿ ನಿಮ್ಮ ನಾಲ್ಕೂ ರೇಟ್ ಅರ್ಧ ಆಗಬೇಕು. ಆರ್ಡರ್‌ಗೆ ಇದರಿಂದ ಏನೂ ಆಗಲ್ಲ, ಭಾಗಿಸುವಾಗ ಅರ್ಧಕ್ಕೆ ಅರ್ಧ ಹೊಡೆದುಹೋಗುತ್ತೆ, k ಕೂಡ ಎಲ್ಲಾ ಸಾಲಲ್ಲೂ ಒಂದೇ ಬರುತ್ತೆ, ನೋಡೋಕೆ ಸುಂದರವಾಗೇ ಇರುತ್ತೆ, ಆದ್ರೆ ಡಬಲ್ ಇರುತ್ತೆ. k ಅಲ್ಲಾಡ್ಲಿಲ್ಲ ಅಂದ್ರೆ ಆರ್ಡರ್ ಸರಿ ಅಂತ ಮಾತ್ರ, k ಸರಿ ಅಂತಲ್ಲ. ಅದನ್ನ ಸಮೀಕರಣ ಇಟ್ಕೊಂಡು ಕೈಯಲ್ಲೇ ಚೆಕ್ ಮಾಡಬೇಕು (ಸಮೀಕರಣದ 2 ಗೆ ಇಲ್ಲಿ ಬೆಲೆ ಇದೆ ನೋಡಿ, ಆರ್ಡರ್‌ನಲ್ಲಿ ಇರ್ಲಿಲ್ಲ).

ಅರ್ಧ ಮಾಡಿ, ಎರಡೂ ಆರ್ಡರ್ 1 ಹಾಕಿದ್ರೆ:

```
1:  4.0×10⁻⁶ / (0.020 × 0.040) = 5.0×10⁻³
2:  8.2×10⁻⁶ / (0.040 × 0.040) = 5.1×10⁻³
3:  7.8×10⁻⁶ / (0.020 × 0.080) = 4.9×10⁻³
4:  8.93×10⁻⁶ / (0.030 × 0.060) = 5.0×10⁻³
```

ಈಗ ಸರಾಸರಿ ತಗೊಳಿ, 5.0×10⁻³ L mol⁻¹ s⁻¹. ಯೂನಿಟ್ ಮರೀಬೇಡಿ, ರೇಟ್‌ನ ಯೂನಿಟ್‌ನ ಎರಡು ಕಾನ್ಸಂಟ್ರೇಷನ್‌ನಿಂದ ಭಾಗಿಸಿದ್ರೆ ಇದೇ ಬರೋದು. ನಿಮ್ಮ ಹಳೇ 0.20ಕ್ಕೆ ಯೂನಿಟ್ L² mol⁻² s⁻¹, ಅದು ಬೇರೆ ಜಾತಿ ಸಂಖ್ಯೆ, ಇದರ ಜೊತೆ ಹೋಲಿಸೋದಕ್ಕೂ ಆಗಲ್ಲ.

ಥಯೋ ಇಷ್ಟು ಕಮ್ಮಿ ಯಾಕೆ ಹಾಕಿಸ್ತಾರೆ ಅಂತಲೂ ಹೇಳಿಬಿಡ್ತೀನಿ, ವೈವಾದಲ್ಲಿ ಕೇಳ್ತಾರೆ. 0.020 ಪರ್ಸಲ್ಫೇಟ್‌ನಲ್ಲಿ 0.0005 ಅಂದ್ರೆ 2.5% ಅಷ್ಟೇ, ಹಂಗಾಗಿ ಶುರುವಿನ ಕಾನ್ಸಂಟ್ರೇಷನ್ನೇ ಇದೆ ಅಂದ್ಕೊಂಡ್ರೆ ತೊಂದರೆ ಇಲ್ಲ, ಅಯೊಡೈಡ್‌ನಂತೂ ಥಯೋ ವಾಪಸ್ ಕೊಡ್ತಾನೇ ಇರುತ್ತೆ. ಬಣ್ಣ ನಿಧಾನಕ್ಕೆ ಬರ್ಲಿ ಆರಾಮಾಗಿ ನೋಡಬಹುದು ಅಂತ ಥಯೋ ಹತ್ತು ಪಟ್ಟು ಹಾಕಿದ್ರೆ ರನ್ 1ರಲ್ಲಿ ಕಾಲು ಭಾಗ ಪರ್ಸಲ್ಫೇಟ್ ಮುಗಿದಿರುತ್ತೆ, ರನ್ 2ರಲ್ಲಿ ಅದರರ್ಧ. ಮೊದಲನೇದು ಅಷ್ಟರಲ್ಲಿ ಸುಸ್ತಾಗಿ ತುಂಬಾ ಟೈಮ್ ತಗೊಂಡಿರುತ್ತೆ, ಆರ್ಡರ್ 1.1 ಅಂತ ಬರುತ್ತೆ, ಸ್ಟಾಪ್‌ವಾಚ್‌ದೇನೂ ತಪ್ಪಿರಲ್ಲ.

ನಂದೊಂದು ಕಥೆ. ನಾನು ಓದುವಾಗ ಏಪ್ರಿಲ್‌ನಲ್ಲಿ ಬೆಳಗ್ಗೆ ರನ್ 1 ಮಾಡಿ, ಊಟಕ್ಕೆ ಹೋಗಿ, ಬಂದು ರನ್ 2 ಮಾಡಿದ್ದೆ, ಆರ್ಡರ್ 1.2 ಬಂತು, ಒಂದು ವಾರ ಲಾಗ್ ಟೇಬಲ್ ತಿರುವಿಹಾಕಿದೆ ಲೆಕ್ಕ ತಪ್ಪಿದೆ ಅಂತ. ಲೆಕ್ಕ ಸರಿಯಾಗೇ ಇತ್ತು, ಮಧ್ಯಾಹ್ನ ರೂಮು ಎರಡು ಮೂರು ಡಿಗ್ರಿ ಕಾದಿತ್ತು ಅಷ್ಟೆ. ಈ ರಿಯಾಕ್ಷನ್‌ನ ಆಕ್ಟಿವೇಷನ್ ಎನರ್ಜಿ 50 kJ/mol ಆಸುಪಾಸು, ಅಂದ್ರೆ ಒಂದು ಡಿಗ್ರಿ ಏರಿದ್ರೆ ರೇಟ್ ಸುಮಾರು 7% ಏರುತ್ತೆ, ಎರಡು ಪಟ್ಟು ಮಾಡಿ ಹೋಲಿಸೋ ಟೇಬಲ್‌ನಲ್ಲಿ ಅದು ಆರ್ಡರ್‌ನ ಹತ್ತಿರ ಹತ್ತಿರ 0.1 ಎಳೆದುಬಿಡುತ್ತೆ. ಎಲ್ಲಾ ರನ್‌ನೂ ಒಂದೇ ನೀರಿನ ಟಬ್‌ನಲ್ಲಿ ಇಟ್ಟು ಮಾಡಿ ಅನ್ನೋದು ಇದಕ್ಕೇ.

ಇನ್ನೊಂದೇ ವಿಷಯ. ನಿಮ್ಮ ಮ್ಯಾನ್ಯುಯಲ್‌ನಲ್ಲಿ KI ಕಮ್ಮಿ ಹಾಕಿದ ರನ್‌ಗೆ ನೀರಿನ ಬದಲು KNO₃ ದ್ರಾವಣ, ಪರ್ಸಲ್ಫೇಟ್ ಕಮ್ಮಿ ಹಾಕಿದ ರನ್‌ಗೆ K₂SO₄ ದ್ರಾವಣ ಹಾಕಿ ಅಂತ ಇತ್ತಾ? ಇದ್ರೆ ಅದು ಸುಮ್ನೆ ಅಲ್ಲ. ಪರ್ಸಲ್ಫೇಟ್, ಅಯೊಡೈಡ್ ಎರಡೂ ಅಯಾನು ನೆಗೆಟಿವ್, ಒಂದನ್ನೊಂದು ತಳ್ಳುತ್ತವೆ, ದ್ರಾವಣದಲ್ಲಿ ಉಪ್ಪು ಜಾಸ್ತಿ ಆದಷ್ಟೂ ಆ ತಳ್ಳಾಟ ಕಮ್ಮಿಯಾಗಿ ರಿಯಾಕ್ಷನ್ ಜೋರಾಗುತ್ತೆ. ಬರೀ ನೀರು ಹಾಕಿ ಸರಿದೂಗಿಸಿದ್ರೆ ಅಯೊಡೈಡ್ ಡಬಲ್ ಆದಾಗ ಉಪ್ಪೂ ಜಾಸ್ತಿ ಆಗುತ್ತೆ, ಎರಡೂ ಸೇರಿ ಆರ್ಡರ್ 1ಕ್ಕಿಂತ ಮೇಲೆ ತೋರಿಸುತ್ತೆ. ನಿಮಗೆ 0.97 ಬಂದಿರೋದ್ರಿಂದ ಹಾಕೇ ಇರ್ತೀರ ಅಂದ್ಕೊಂಡಿದೀನಿ.

ಅದಕ್ಕೇ 5.0×10⁻³ ಅಂತ ಒಂಟಿಯಾಗಿ ಬರೆದು ಬಿಡಬೇಡಿ, ಪಕ್ಕದಲ್ಲಿ ಅವತ್ತಿನ ಟೆಂಪರೇಚರ್ ಬರೀರಿ, ಯಾವ ಉಪ್ಪು ಎಷ್ಟಿತ್ತು ಅಂತಲೂ ಬರೀರಿ, ಎರಡೂ ಬದಲಾದ್ರೆ ಈ k ಬದಲಾಗುತ್ತೆ. ಟೆಂಪರೇಚರ್ ನೋಟ್ ಮಾಡ್ಕೊಂಡಿಲ್ಲ ಅಂದ್ರೆ ಪಕ್ಕದ ಟೇಬಲ್‌ನವರನ್ನ ಇವತ್ತೇ ಕೇಳಿ, ಒಬ್ಬರಾದ್ರೂ ಬರ್ಕೊಂಡಿರ್ತಾರೆ.